ಅರಳು ಮರಳಲ್ಲ, ಅಂಗವೈಕಲ್ಯ

ಅರವತ್ತಕ್ಕೆ ಅರಳು ಮರಳು ಅಂತ ಗಾದೆ ಹೇಳಿ ನಗೋರಿಗೆ ಎರಡು ಕಾನೂನು ಓದಿ ಹೇಳ್ತೀನಿ, ಸ್ವಲ್ಪ ನಿಧಾನವಾಗಿ ಕೇಳಿ.

ಮೊದಲನೆಯದು ನಮಗೆಲ್ಲ ಬಾಯಿಪಾಠ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಆರ್). ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ, ಅವಮಾನ ಮಾಡಬೇಕು ಅನ್ನೋ ಉದ್ದೇಶದಿಂದ ನಿಂದಿಸಿದರೆ ಅಥವಾ ಹೆದರಿಸಿದರೆ ಆರು ತಿಂಗಳಿಗೆ ಕಡಿಮೆ ಇಲ್ಲದೆ ಐದು ವರ್ಷದವರೆಗೆ ಜೈಲು ಮತ್ತು ದಂಡ. ಎರಡನೆಯದು ಅಂಗವಿಕಲರ ಹಕ್ಕುಗಳ ಕಾಯ್ದೆ 2016, ಕಲಂ 92(ಎ). ಅಲ್ಲೂ ಹೆಚ್ಚುಕಡಿಮೆ ಇದೇ ಮಾತು, ಇದೇ ಶಿಕ್ಷೆ. ಜಾತಿ ಅನ್ನೋ ಕಡೆ ಅಂಗವೈಕಲ್ಯ ಅಂತಿದೆ, ಅಷ್ಟೆ. ಆ ಕಾಯ್ದೆ ಬರೆದವರು ನಮ್ಮ ಕಾಯ್ದೆಯನ್ನ ಪಕ್ಕದಲ್ಲಿ ಇಟ್ಕೊಂಡೇ ಬರೆದಿರಬೇಕು ಅಂತ ನನಗನಿಸುತ್ತೆ.

ಇದನ್ನ ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಕಾಲೋನಿಯ ಒಬ್ಬ ಅಜ್ಜಿಗೆ ಮೊನ್ನೆ ಆಗಿದ್ದು. ವಯಸ್ಸು ಎಪ್ಪತ್ತು ದಾಟಿದೆ. ಐಟಿಪಿಎಲ್ ಏಳೋಕೆ ಮುಂಚೆ ಇವರ ಮನೆಯೋರು ಇಲ್ಲಿ ವಾರಕ್ಕೆ ಮಾಡ್ಕೊಂಡು ರಾಗಿ ಬೆಳೀತಿದ್ರು. ಹೊಲ ಹೋಯ್ತು, ಹೊಲದ ಜಾಗದಲ್ಲಿ ಅಪಾರ್ಟ್‌ಮೆಂಟ್ ಬಂತು. ಆಮೇಲೆ ಅಂಥದ್ದೇ ಅಪಾರ್ಟ್‌ಮೆಂಟುಗಳಲ್ಲಿ ಕಾಂಟ್ರಾಕ್ಟ್ ಹೌಸ್‌ಕೀಪಿಂಗ್‌ನಲ್ಲಿ ಹದಿನೆಂಟು ವರ್ಷ ಕಸ ಗುಡಿಸಿದರು. ಮೂರು ವರ್ಷದಿಂದ ಮರೆವು. ಒಂದು ದಿನ ಬೆಳಗಿನ ಜಾವ ಐದು ಗಂಟೆಗೆ ಪೊರಕೆ ಹಿಡಿದು ಎದ್ದು ಹೋಗಿದ್ದಾರೆ. ಗೇಟಿನಲ್ಲಿ ಹಾಲಿನ ಗಾಡಿ ಒಳಗೆ ಹೋಗೋ ಹೊತ್ತು, ಅದರ ಹಿಂದೆಯೇ ಬೇಸ್‌ಮೆಂಟಿಗೆ ಇಳಿದಿದ್ದಾರೆ. ಮೂರು ಜನ ಸುತ್ತ ನಿಂತು ಒಟ್ಟಿಗೇ ಕಿರುಚಿದ್ದಾರೆ. ಏಯ್ ಮುದುಕಿ, ಯಾರ್ ನೀನು, ಹೆಸರು ಹೇಳು, ಏನು ಕದ್ದೆ? ಸೆರಗಿನ ಗಂಟು ಬಿಚ್ಚಿಸಿ ನೆಲಕ್ಕೆ ಕೊಡವಿಸಿದ್ದಾರೆ. ಅಜ್ಜಿ ಹೇಳಿದ್ದು ಒಂದೇ ಮಾತು, "ಬಂದೆ ಸ್ವಾಮಿ, ಹಾಜರಿ ಹಾಕ್ಕೊಳ್ಳಿ." ಅದನ್ನ ವಿಡಿಯೊ ಮಾಡಿ, ಕಳ್ಳಿ ಸಿಕ್ಕಿದಾಳೆ ಅಂತ ಬರೆದು ಗ್ರೂಪಿಗೆ ಹಾಕಿದ್ದಾರೆ.

ಕೇಳೋಕೆ ಹೋದಾಗ ಅಸೋಸಿಯೇಷನ್‌ನವರು ಹೇಳಿದ್ದು: ಆಕೆ ಜಾತಿ ನಮಗೆ ಹೇಗ್ರೀ ಗೊತ್ತಾಗಬೇಕು? ಠಾಣೆಯಲ್ಲಿ ಹೇಳಿದ್ದು: ಅರಳು ಮರಳಿಗೆಲ್ಲ ಕೇಸಾ? ಸರಿ ಸ್ವಾಮಿ, ಜಾತಿ ಗೊತ್ತಿರಲಿಲ್ಲ ಅಂತಾನೇ ಇಟ್ಕೊಳ್ಳೋಣ. 92(ಎ) ಜಾತಿ ಕೇಳಲ್ಲ. ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯದ ಊನ, ಸುತ್ತಲಿನ ಅಡೆತಡೆ ಸೇರಿ ಮನುಷ್ಯ ಸಮಾನವಾಗಿ ಬದುಕೋಕೆ ಆಗದಂತೆ ಮಾಡಿದರೆ ಅದೇ ಅಂಗವೈಕಲ್ಯ ಅಂತ ಅದೇ ಕಾಯ್ದೆಯ ವ್ಯಾಖ್ಯೆ ಹೇಳುತ್ತೆ. ಈ ವ್ಯಾಖ್ಯೆಗೆ ಕಾರ್ಡೂ ಬೇಕಿಲ್ಲ, ಶೇಕಡವಾರೂ ಬೇಕಿಲ್ಲ. ಅವಮಾನದ ಉದ್ದೇಶವನ್ನ ಮಾತ್ರ ನಾವು ತೋರಿಸಬೇಕು. ಅದಕ್ಕೆ ಅವರೇ ಬರೆದು ಹಾಕಿದ ಆ ತಲೆಬರಹ ಇದೆ.

ಆ ಗಾರ್ಡ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಇದನ್ನೂ ಹೇಳಿಬಿಡ್ತೀನಿ. ಒಡಿಶಾದಿಂದ ಬಂದೋನು, ಹನ್ನೆರಡು ಗಂಟೆ ಡ್ಯೂಟಿ, ಕನ್ನಡ ಬರಲ್ಲ. ಅಜ್ಜಿಯೋ ಇತ್ತೀಚೆಗೆ ಕನ್ನಡ ಬಿಟ್ಟು ಹುಟ್ಟಿದ ಮನೆಯ ತೆಲುಗಿಗೆ ಹೊರಳ್ತಾರೆ. ಆಮೇಲೆ ಕಲಿತ ಭಾಷೆ ಮೊದಲು ಜಾರೋದು, ತಾಯಿಭಾಷೆ ಕೊನೆಗೆ ಉಳಿಯೋದು ಈ ಕಾಯಿಲೆಯಲ್ಲಿ ಬಹಳ ಸಲ ಕಾಣುತ್ತೆ. ಆ ಹುಡುಗನಿಗೆ ಇದನ್ನ ಹೇಳಿಕೊಡಬೇಕಾದವರು ಮೇಲಿನ ಮಹಡಿಯಲ್ಲಿ ವಿಡಿಯೊಗೆ ಸ್ಮೈಲಿ ಹಾಕ್ತಾ ಕೂತಿದ್ದರು.

ಈಗ ಕಾರ್ಡಿನ ವಿಷಯ. ವ್ಯಾಖ್ಯೆಗೆ ಬೇಡದಿದ್ದರೂ ಸವಲತ್ತಿಗೆ, ಕಚೇರಿಗೆ, ಠಾಣೆಯ ಬಾಯಿ ಮುಚ್ಚಿಸೋಕೆ ಯುಡಿಐಡಿ ಕಾರ್ಡ್ ಬೇಕೇ ಬೇಕು. ನಾನು ಗುಮಾಸ್ತ, ಫೈಲಿನ ಕಷ್ಟ ಗೊತ್ತು, ಅದಕ್ಕೇ ಬಿಡಿಸಿ ಹೇಳ್ತೀನಿ. ಕಾಯ್ದೆಯ ಪಟ್ಟಿಯಲ್ಲಿ ಡಿಮೆನ್ಶಿಯಾ ಅನ್ನೋ ಹೆಸರೇ ಇಲ್ಲ. ಪಾರ್ಕಿನ್ಸನ್‌ಗೆ ಹೆಸರಿದೆ, ಮರೆವಿನ ಕಾಯಿಲೆಗಿಲ್ಲ. ಆದರೆ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ನೆನಪಿನ ತೀವ್ರ ಏರುಪೇರು, ಎಲ್ಲಿದ್ದೀನಿ ಅನ್ನೋ ಅರಿವಿನ ಏರುಪೇರು ಎರಡೂ ಸೇರಿವೆ. ಹಾಗಾಗಿ swavlambancard.gov.in ನಲ್ಲಿ ಅರ್ಜಿ ಹಾಕುವಾಗ Mental Illness ಅನ್ನೋದನ್ನೇ ಆರಿಸಬೇಕು. ಇಲ್ಲೇ ಮನೆಯೋರು ನಿಂತುಬಿಡ್ತಾರೆ. ನಮ್ಮವ್ವನಿಗೇನು ಹುಚ್ಚಾ ಅಂತ. ಆ ನೋವು ಸುಳ್ಳಲ್ಲ. ಅದರ ಉತ್ತರ ಕೊನೆಗೆ ಹೇಳ್ತೀನಿ.

ಮನೋವೈದ್ಯರು ಅಳೆಯೋದು ಐಡಿಯಾಸ್ ಅನ್ನೋ ಅಳತೆಪಟ್ಟಿಯಲ್ಲಿ. ನಾಲ್ಕು ವಿಷಯ ನೋಡ್ತಾರೆ: ತನ್ನ ಮೈಯನ್ನ ತಾನೇ ನೋಡಿಕೊಳ್ಳೋದು, ಜನರ ಜೊತೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಅದರ ಮೇಲೆ ಕಾಯಿಲೆ ಎಷ್ಟು ವರ್ಷದ್ದು ಅನ್ನೋದಕ್ಕೆ ಅಂಕ: ಎರಡು ವರ್ಷದೊಳಗೆ ಒಂದು, ಎರಡರಿಂದ ಐದು ವರ್ಷಕ್ಕೆ ಎರಡು, ಹೀಗೆ. ಒಟ್ಟು ಏಳು ಬಂದರೆ ಶೇ 40ರ ಗೆರೆ ದಾಟಿದ ಹಾಗೆ.

ಅಜ್ಜಿಯನ್ನ ಮೊದಲ ಸಲ ಕರ್ಕೊಂಡು ಹೋದಾಗ ಬಂದಿದ್ದು ಐದು. ಯಾಕೆ ಗೊತ್ತಾ? ಸೊಸೆ ಒಳ್ಳೆ ಸೀರೆ ಉಡಿಸಿ, ಎಣ್ಣೆ ಹಚ್ಚಿ ತಲೆ ಬಾಚಿ ಕರ್ಕೊಂಡು ಹೋಗಿದ್ದರು. ಸ್ನಾನ ಮಾಡ್ತಾರಾ? ಮಾಡ್ತಾರೆ. ಊಟ? ಮಾಡ್ತಾರೆ. ಯಾವಾಗಿಂದ? ಈಚೆಗೆ ಸಾರ್. ವೈದ್ಯರು ಏನು ಕೇಳಿದರೂ ಅಜ್ಜಿ ಕೈ ಮುಗಿದು "ಆಯ್ತು ಸ್ವಾಮಿ" ಅಂದರು. ಎಪ್ಪತ್ತು ವರ್ಷ ದೊಡ್ಡೋರ ಮುಂದೆ ತಲೆ ತಗ್ಗಿಸಿ ಆಯ್ತು ಅಂದೇ ಬದುಕಿದವರು. ನೆನಪು ಹೋದ ಮೇಲೂ ಆ ತಗ್ಗೋದು ಹೋಗಿಲ್ಲ. ಅದು ಕಾಯಿಲೆಯನ್ನ ಮುಚ್ಚಿಡ್ತು. ಅರ್ಥವಾಗಿ ಹೇಳಿದ ಆಯ್ತು, ಅರ್ಥವಾಗದೆ ಹೇಳಿದ ಆಯ್ತು ಎರಡೂ ಹೊರಗಿನಿಂದ ಒಂದೇ ಥರ ಕಾಣ್ತವೆ.

ಎರಡನೇ ಸಲ ಸೊಸೆ ಇದ್ದಿದ್ದನ್ನ ಇದ್ದ ಹಾಗೆ ಹೇಳಿದರು. ನೀರು ತೋಡಿಟ್ಟು, ಸೀರೆ ಕೈಗೆ ಕೊಟ್ಟು, ಹೇಳ್ತಾ ನಿಂತರೆ ಸ್ನಾನ. ಬಿಟ್ಟರೆ ನಾಲ್ಕು ದಿನ ಇಲ್ಲ. ಒಲೆ ಹಚ್ಚಿ ಮರೀತಾರೆ, ಈಗ ಅಡುಗೆ ಇಲ್ಲ. ಇಡೀ ಬೀದಿಯ ಚೀಟಿ ಲೆಕ್ಕ ಬಾಯಲ್ಲಿ ಹೇಳ್ತಿದ್ದವರು ಮೂರು ವರ್ಷದ ಹಿಂದೆ ಅದನ್ನ ತಪ್ಪಿದ್ದೇ ಶುರು. ಈಗ ಮೈ ಆರೈಕೆಗೆ ಎರಡು, ಒಡನಾಟಕ್ಕೆ ಎರಡು, ಮಾತಿಗೆ ಎರಡು, ಕೆಲಸಕ್ಕೆ ಮೂರು, ವರ್ಷಕ್ಕೆ ಎರಡು. ಹನ್ನೊಂದು. ಅಜ್ಜಿ ಅವರೇ, ಕಾಯಿಲೆ ಅದೇ. ಅದಕ್ಕೇ ಹೋಗೋರು ಇದನ್ನ ನೆನಪಿಟ್ಕೊಳ್ಳಿ: ಮಾಡ್ತಾರಾ ಅನ್ನೋದಕ್ಕೆ, ಯಾರೂ ಜೊತೆಗಿಲ್ಲದೆ ಮಾಡ್ತಾರಾ ಅಂತ ಅರ್ಥ ಮಾಡ್ಕೊಂಡು ಉತ್ತರಿಸಿ. ಈಚೆಗೆ ಅನ್ನಬೇಡಿ, ವರ್ಷ ಹೇಳಿ.

ಇನ್ನೊಂದು ಜಗಳ ಪರೀಕ್ಷೆಯ ಬಗ್ಗೆ. ಎಷ್ಟೋ ಕಡೆ ಈಗಲೂ ನೂರರಿಂದ ಏಳೇಳು ಕಳೀರಿ, ಒಂದು ವಾಕ್ಯ ಬರೀರಿ, ಗಡಿಯಾರ ಬಿಡಿಸಿ ಅಂತ ಕೇಳ್ತಾರೆ. ಸ್ಲೇಟು ಮುಟ್ಟೋಕೆ ಬಿಡದ ಕೈಗೆ ಪೆನ್ಸಿಲ್ ಕೊಟ್ಟು ಗಡಿಯಾರ ಬರೆಸೋದು ನೆನಪಿನ ಪರೀಕ್ಷೆ ಹೇಗಾಗುತ್ತೆ? ಆಗ ಎರಡರಲ್ಲಿ ಒಂದು ತಪ್ಪು ಗ್ಯಾರಂಟಿ. ಚೆನ್ನಾಗಿರೋರನ್ನ ಕಾಯಿಲೆ ಅಂತಾರೆ, ಇಲ್ಲಾಂದ್ರೆ ಓದಿಲ್ಲ ಬಿಡಿ, ಅದಕ್ಕೇ ಹೀಗೆ ಅಂತ ಕಾಯಿಲೆಯನ್ನ ಬಿಟ್ಟುಬಿಡ್ತಾರೆ. ದಾರಿ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಹರಿಯಾಣದ ಬಲ್ಲಬಗಢದ ಹಳ್ಳಿಗಳಲ್ಲಿ 90ರ ದಶಕದಲ್ಲೇ ಓದು ಬರದವರಿಗೆ ಅಂತ ಹಿಂದಿಯಲ್ಲಿ ಪರೀಕ್ಷೆ ಮಾಡಿದರು. ಅದರಲ್ಲಿ ಓದಿ ಕಣ್ಣು ಮುಚ್ಚಿ ಅನ್ನಲ್ಲ, ನಾನು ಮಾಡಿದ ಹಾಗೇ ಮಾಡಿ ಅಂತ ಕಣ್ಣು ಮುಚ್ಚಿ ತೋರಿಸ್ತಾರೆ. ಬರೀರಿ ಅನ್ನಲ್ಲ, ನಿಮ್ಮ ಮನೆ ಬಗ್ಗೆ ಏನಾದ್ರೂ ಹೇಳಿ ಅಂತಾರೆ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4, ಅಂದರೆ ಸುಮಾರು 88 ಲಕ್ಷ ಜನಕ್ಕೆ ಈ ಕಾಯಿಲೆ ಇದೆ ಅಂತ 2023ರಲ್ಲಿ ಬಂದ ಅಧ್ಯಯನದ ಅಂದಾಜು. ಹೆಂಗಸರಲ್ಲಿ, ಶಾಲೆ ಕಾಣದವರಲ್ಲಿ, ಹಳ್ಳಿಗಳಲ್ಲಿ ಹೆಚ್ಚು. ಅಂದರೆ ಪರೀಕ್ಷೆ ಯಾರಿಗೆ ಸರಿ ಹೊಂದಲ್ವೋ ಅವರಿಗೇ ಕಾಯಿಲೆ ಜಾಸ್ತಿ.

ಒಂದು ಎಚ್ಚರಿಕೆ. ಗೊಂದಲ ಎರಡು ಮೂರು ದಿನದಲ್ಲಿ ದಿಢೀರಂತ ಬಂದರೆ ಅದು ಬೇರೆ. ಉಚ್ಚೆಯ ಸೋಂಕು, ಬಿದ್ದು ತಲೆಗೆ ಪೆಟ್ಟು, ಔಷಧಿ ಏರುಪೇರು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ನಿಧಾನಕ್ಕೆ ಬಂದ ಮರೆವಿಗೂ ಥೈರಾಯ್ಡ್, ಬಿ12 ರಕ್ತಪರೀಕ್ಷೆ ಮೊದಲು ಮಾಡಿಸಿ. ಅವಕ್ಕೆ ಮದ್ದಿದೆ.

ಮಾತಿನ ವಿಷಯಕ್ಕೆ ಬರ್ತೀನಿ, ಇದರಲ್ಲಿ ನಮ್ಮ ಕಾಲೋನಿಯೂ ಕಮ್ಮಿ ಇಲ್ಲ. ಅಜ್ಜಿ ಕಂಡ ಕೂಡಲೆ ಪ್ರತಿಯೊಬ್ಬರೂ ಕೇಳೋದು, "ನಾನ್ಯಾರು ಹೇಳಜ್ಜಿ ನೋಡೋಣ?" ಅದು ಪ್ರೀತಿ ಅಂತ ನೀವು ಅನ್ಕೊಂಡಿದ್ದೀರಿ. ಅವರಿಗೆ ಅದು ದಿನಕ್ಕೆ ಇಪ್ಪತ್ತು ಸಲ ಫೇಲಾಗೋ ಪರೀಕ್ಷೆ. ಎದುರಿಗೆ ಬನ್ನಿ, ಹಿಂದಿನಿಂದ ಮುಟ್ಟಬೇಡಿ. ನಿಮ್ಮ ಹೆಸರು ನೀವೇ ಹೇಳಿ, ಇಂಥವರ ಮಗ ಬಂದಿದ್ದೀನಿ ಅವ್ವಾ ಅಂತ. ಒಂದು ಸಲಕ್ಕೆ ಒಂದೇ ಮಾತು, ಒಬ್ಬರೇ. ಉತ್ತರ ಬರೋ ತನಕ ಸುಮ್ಮನಿರಿ. ತೀರಿಹೋದ ಗಂಡ ಎಲ್ಲಿ ಅಂತ ಕೇಳಿದರೆ ಸತ್ತುಹೋದ್ನಲ್ಲ ಅಂತ ಪ್ರತಿ ಸಲ ಹೊಸದಾಗಿ ಸಾಯಿಸಬೇಡಿ. ಅವರ ನೆನಪಾಯ್ತಾ, ಹೇಗಿದ್ರು ಅಂತ ಮಾತಾಡಿಸಿ. ಅವರ ಎದುರೇ ಅವರ ಬಗ್ಗೆ, ಇದಕ್ಕೆ ಏನೂ ತಿಳಿಯಲ್ಲ ಅಂತ ಹೇಳಬೇಡಿ. ಬೇಸ್‌ಮೆಂಟಿನಲ್ಲಿ ಒಬ್ಬರಾದರೂ, ಹಾಜರಿ ಹಾಕ್ಕೊಂಡಾಯ್ತು ಅಮ್ಮ, ಇವತ್ತು ರಜೆ, ಬನ್ನಿ ಟೀ ಕುಡಿಯೋಣ ಅಂದಿದ್ದರೆ ಸಾಕಿತ್ತು.

ಸುರಕ್ಷಿತ ಪರಿಸರ ಅಂದರೆ ದುಡ್ಡಿರೋರ ಕೇರ್ ಹೋಮ್ ಅಂತ ತಿಳಿಬೇಡಿ. ನಮ್ಮ ಅಜ್ಜಿ ಇರೋದು ಒಂಟಿ ರೂಮಿನ ವಠಾರ, ಕಕ್ಕಸು ಹೊರಗೆ, ನಾಲ್ಕು ಮೆಟ್ಟಿಲು ಇಳಿದು. ಅಲ್ಲಿಗೂ ಆಗೋದಿದೆ. ರಾತ್ರಿ ಪೂರ್ತಿ ಒಂದು ಸಣ್ಣ ಬಲ್ಬು. ಮೆಟ್ಟಿಲ ಅಂಚಿಗೆ ಹಳದಿ ಬಣ್ಣ. ಕಕ್ಕಸಿನ ಬಾಗಿಲಿಗೆ ಬೇರೆ ಯಾವ ಬಾಗಿಲಿಗೂ ಇಲ್ಲದ ಬಣ್ಣ; ಓದು ಬರದವರಿಗೆ ಬೋರ್ಡಿಗಿಂತ ಬಣ್ಣ ದಾರಿ ತೋರಿಸುತ್ತೆ. ಕಪ್ಪು ಕಾಲೊರಸು ತೆಗೆದಿದ್ದೀವಿ, ಅವರಿಗೆ ಅದು ಗುಂಡಿ ಥರ ಕಂಡು ದಾಟದೆ ನಿಂತುಬಿಡ್ತಿದ್ದರು. ಗ್ಯಾಸನ್ನ ಸಿಲಿಂಡರ್ ಹತ್ರವೇ ಆಫ್ ಮಾಡೋದು. ಕೂಡಿ ಹಾಕಿ ಬೀಗ ಹಾಕೋದು ಬೇಡ, ಬೆಂಕಿ ಬಿದ್ದರೆ ಅದೇ ಗೋರಿ. ಬಾಗಿಲಿಗೆ ಗೆಜ್ಜೆ ಕಟ್ಟಿದ್ದೀವಿ, ತೆಗೆದರೆ ಎದ್ದೇಳ್ತೀವಿ. ಬಳೆಯ ಜೊತೆ ಫೋನ್ ನಂಬರ್ ಇರೋ ಒಂದು ತಗಡು ಇದೆ. ಕಾಣದಿದ್ದರೆ 24 ಗಂಟೆ ಕಾಯಬೇಕು ಅನ್ನೋ ನಿಯಮ ಇಲ್ಲ, ಕೂಡಲೆ 112ಕ್ಕೆ ಮಾಡಿ. ಹಿರಿಯರ ಸಹಾಯವಾಣಿ ನಗರದಲ್ಲಿ 1090, ದೇಶಕ್ಕೆಲ್ಲ 14567.

ಬಾಗಿಲಾಚೆ ನಮ್ಮ ಕೈಲಿಲ್ಲ. 2023ರಲ್ಲಿ ಮೆಟ್ರೊ ಬಂತು, ಊರಿನ ಹೆಸರು ಸ್ಟೇಷನ್ ಮೇಲೆ ಬಂತು. ಅಜ್ಜಿಗೆ ಗೊತ್ತಿರೋ ಹುಣಸೆಮರ, ಬಾವಿ, ಹೊಲದ ಬದು ಒಂದೂ ಉಳಿದಿಲ್ಲ. ಒಂದೇ ಥರದ ಕಂಬ, ಒಂದೇ ಥರದ ಕಾಂಪೌಂಡ್. ಅವರು ದಾರಿ ತಪ್ಪಿದ್ದು ಅಂತ ನೀವು ಹೇಳ್ತೀರಿ. ಅವರ ದಾರಿ ಸರಿಯಾಗೇ ಇತ್ತು ಅಂತ ನಾನು ಹೇಳ್ತೀನಿ. ದುಡಿದ ಜಾಗಕ್ಕೆ ದುಡಿಯೋ ಹೊತ್ತಿಗೆ ಹೋದರು.

ನಮ್ಮ ಬೇಡಿಕೆ ಇಷ್ಟು. ಅಸೋಸಿಯೇಷನ್ ವಿಡಿಯೊ ತೆಗೆಸಬೇಕು, ಮನೆಗೆ ಬಂದು ಅಜ್ಜಿಯ ಎದುರು ಕೂತು ಕ್ಷಮೆ ಕೇಳಬೇಕು, ಗೇಟಿನಲ್ಲಿ ನಿಲ್ಲೋರಿಗೆ ತರಬೇತಿ ಕೊಡಿಸಬೇಕು. ಠಾಣೆ 92(ಎ) ಅಡಿ ದೂರು ತಗೋಬೇಕು. ಇನ್ನು ಹುಚ್ಚಾ ಅನ್ನೋ ಪ್ರಶ್ನೆಗೆ ಉತ್ತರ: ಪಟ್ಟಿಗೆ ಹೊಸ ವರ್ಗ ಸೇರಿಸೋ ಅಧಿಕಾರವನ್ನ ಕಾಯ್ದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಸಂಸತ್ತಿನಲ್ಲಿ ತಿದ್ದುಪಡಿ ಬೇಕಿಲ್ಲ, ಒಂದು ಅಧಿಸೂಚನೆ ಸಾಕು. ಡಿಮೆನ್ಶಿಯಾ ಅಂತ ಅದರದ್ದೇ ಹೆಸರಲ್ಲಿ ಬರೀರಿ ಅಂತ ಮನವಿ ತಯಾರಾಗಿದೆ, ಕನ್ನಡ ಮತ್ತು ತೆಲುಗಿನಲ್ಲಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಬೇಡ್ಕರ್ ಪ್ರತಿಮೆ ಹತ್ತಿರ ಸಹಿ ಹಾಕೋಕೆ ಬನ್ನಿ. ಹೆಬ್ಬೆಟ್ಟೂ ನಡೆಯುತ್ತೆ.

ಜೈಭೀಮ್.