ಕಂದ ಉಳಿದು ಕಾವ್ಯ ಕಳೆದುಹೋಗುವ ಬಗೆ: ಜನ್ನನ ‘ಯಶೋಧರ ಚರಿತೆ’ಯ ಕಿರುರೂಪವನ್ನು ಕುರಿತು

ಜನ್ನನ ‘ಯಶೋಧರ ಚರಿತೆ’ಯಿಂದ ಆಯ್ದ ಪದ್ಯಗಳು ಈಚೆಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತಿವೆ. ಹಳಗನ್ನಡದ ಓದು ತರಗತಿಯ ಗೋಡೆಗಳನ್ನು ದಾಟುತ್ತಿರುವುದು ಒಳ್ಳೆಯದೇ. ಆದರೆ ಹೀಗೆ ಹರಿದಾಡುವ ತುಣುಕುಗಳು ಬಹುಮಟ್ಟಿಗೆ ಒಂದೇ ಪ್ರಸಂಗಕ್ಕೆ ಸೇರಿದವು: ರಾಣಿ ಅಮೃತಮತಿ ಇರುಳಿನಲ್ಲಿ ಮಾವುತ ಅಷ್ಟಾವಂಕನ ಹಾಡು ಕೇಳಿ ಮನಸೋಲುವುದು, ದೂತಿ ಅವನ ವಿಕಾರರೂಪವನ್ನು ಬಣ್ಣಿಸಿದರೂ ಅವನಲ್ಲಿಗೇ ಹೋಗುವುದು. ಅಷ್ಟನ್ನೇ ಓದಿದವರು ಇದನ್ನು ಹೆಣ್ಣಿನ ಚಂಚಲತೆಯ ಕತೆಯೆಂದೋ ಕುರುಡು ಪ್ರೇಮದ ಕತೆಯೆಂದೋ ತಿಳಿಯುತ್ತಾರೆ. ಇವೆರಡೂ ಕಾವ್ಯದ ಗುರಿಯಲ್ಲ. ತುಣುಕಿನ ಪ್ರತಿಯೊಂದು ಪದ್ಯವೂ ಜನ್ನನದೇ ಆಗಿದ್ದು, ಒಟ್ಟು ಮಾತ್ರ ಜನ್ನನದಲ್ಲದೆ ಹೋಗಿರುತ್ತದೆ.

1209ರ ಈ ಕಾವ್ಯ ನಾಲ್ಕು ಅವತಾರಗಳ, ಮುನ್ನೂರಕ್ಕೆ ತುಸು ಮಿಕ್ಕ ಪದ್ಯಗಳ ಚಿಕ್ಕ ಕೃತಿ. ಹೆಚ್ಚುಕಡಿಮೆ ಇಡಿಯಾಗಿ ಕಂದದಲ್ಲಿದೆ. ಪಂಪ, ರನ್ನರ ಚಂಪೂಗಳ ಪಕ್ಕದಲ್ಲಿ ಇದು ತಾನೇ ಒಂದು ಸಂಗ್ರಹದಂತೆ ಕಾಣುತ್ತದೆ. ಇದನ್ನು ಮತ್ತೂ ಕಿರಿದುಗೊಳಿಸಬಹುದೆ? ಗೊಳಿಸಬಹುದು ಎಂಬುದೇ ನನ್ನ ಅಭಿಪ್ರಾಯ. ಆದರೆ ಯಾವ ಪದ್ಯ ಸೊಗಸಾಗಿದೆ ಎಂಬ ಪ್ರಶ್ನೆಯಿಂದ ಆಯ್ಕೆಯನ್ನು ಆರಂಭಿಸಬಾರದು. ಕಾವ್ಯ ಯಾವುದರ ಮೇಲೆ ನಿಂತಿದೆ ಎಂಬುದನ್ನು ಮೊದಲು ಕಂಡುಕೊಳ್ಳಬೇಕು.

‘ಯಶೋಧರ ಚರಿತೆ’ ನಿಂತಿರುವುದು ಕತೆಯೊಳಗಿನ ಕತೆಯ ಮೇಲೆ. ಚಂಡಮಾರಿಗೆ ಬಲಿಗೊಡಲು ರಾಜ ಮಾರಿದತ್ತ ಪ್ರಾಣಿಗಳನ್ನು ಕೂಡಿಹಾಕಿದ್ದಾನೆ. ಅಲ್ಲಿಗೆ ಅಭಯರುಚಿ, ಅಭಯಮತಿ ಎಂಬ ಇಬ್ಬರು ಎಳೆಯರನ್ನು ಹಿಡಿದು ತರುತ್ತಾರೆ. ಅಂಜದೆ ನಿಂತ ಆ ಮಕ್ಕಳನ್ನು ಕಂಡು ರಾಜ ಬೆರಗಾಗಿ ವಿಚಾರಿಸುತ್ತಾನೆ. ಅಭಯರುಚಿ ತಮ್ಮ ಹಿಂದಿನ ಭವಗಳನ್ನು ಹೇಳತೊಡಗುತ್ತಾನೆ. ಅಮೃತಮತಿಯ ಪ್ರಸಂಗ ಬರುವುದು ಆ ಹೇಳಿಕೆಯ ಒಳಗೆ. ಕೊಲ್ಲಲಿರುವವನಿಗೆ ಕೊಲೆಗೀಡಾಗಲಿರುವವನು ಹೇಳುತ್ತಿರುವ ಕತೆಯಿದು. ಹಿಟ್ಟಿನ ಕೋಳಿಯೊಂದನ್ನು ಕಡಿದ ಸಂಕಲ್ಪಹಿಂಸೆಗೇ ಇಷ್ಟು ಭವಗಳ ಬವಣೆಯಾದರೆ, ಇಷ್ಟೊಂದು ಜೀವಗಳನ್ನು ಕೊಲ್ಲಹೊರಟ ನಿನ್ನ ಗತಿಯೇನು ಎಂಬುದು ಅದರ ವಾದ. ಕಾವ್ಯದ ಆಕಾರವೆಂದರೆ ಈ ವಾದದ ಆಕಾರವೇ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಎಂಟು ಚಿತ್ರಫಲಕಗಳ ಒಂದು ಸರಣಿಗಾಗಿ ಹನ್ನೆರಡು ಕಂದಗಳನ್ನು ಆರಿಸಿದ್ದೆ. ಫಲಕಕ್ಕೆ ಎರಡಕ್ಕಿಂತ ಹೆಚ್ಚು ಕಂದ ಹಿಡಿಸಿದರೆ ಫೋನಿನಲ್ಲಿ ಅಕ್ಷರ ಓದಲಾಗದಷ್ಟು ಸಣ್ಣದಾಗುತ್ತದೆ. ಆ ಹನ್ನೆರಡರಲ್ಲಿ ಆರು ಅಮೃತಮತಿಗೆ, ಮೂರು ಹಿಟ್ಟಿನ ಕೋಳಿಗೆ, ಒಂದು ವಿಷಪ್ರಾಶನಕ್ಕೆ ಸಂದವು. ಮಾರಿದತ್ತನಿಗೆ ಆದಿಯಲ್ಲೊಂದು, ಅಂತ್ಯದಲ್ಲೊಂದು. ಭವಾವಳಿಯನ್ನು ಪೂರ್ತಿಯಾಗಿ ಬಿಟ್ಟಿದ್ದೆ. ಅದು ದೀರ್ಘವೂ ಪುನರಾವೃತ್ತಿಯುಳ್ಳದ್ದೂ ಆಗಿ ತೋರಿತ್ತು. ಓದಿದ ವಿದ್ಯಾರ್ಥಿಯೊಬ್ಬರು ಕೇಳಿದರು: “ಹೆಂಡತಿ ವಿಷವಿಕ್ಕಿದ ಕತೆ ಕೇಳಿ ಮಾರಿದತ್ತ ಬಲಿಯನ್ನೇಕೆ ನಿಲ್ಲಿಸಿದ?” ನನ್ನ ಸರಣಿಯಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಕೊನೆಯ ಫಲಕ ಅದರ ಹಿಂದಿನ ಫಲಕದಿಂದ ಹುಟ್ಟಿಬರುತ್ತಿರಲಿಲ್ಲ. ಸಂಗ್ರಹ ಕೆಟ್ಟಿದೆಯೆಂಬುದನ್ನು ತಿಳಿಯಲು ಇದಕ್ಕಿಂತ ನಿಚ್ಚಳವಾದ ಒರೆಗಲ್ಲು ನನಗೆ ಕಂಡಿಲ್ಲ.

ಎರಡನೆಯ ಬಾರಿ ಹಂಚಿಕೆಯನ್ನು ತಿರುವಿದೆ. ಬಲಿಪೀಠದ ಮುಂದಿನ ಮಕ್ಕಳಿಗೆ ಎರಡು ಕಂದ. ಅಮೃತಮತಿಗೆ ಮೂರೇ: ಹಾಡು ಕಿವಿಗೆ ಬೀಳುವುದು, ಯಶೋಧರ ಕಣ್ಣಾರೆ ಕಾಣುವುದು, ಎತ್ತಿದ ಕತ್ತಿಯನ್ನು ಅವನು ತಡೆದುಕೊಳ್ಳುವುದು. ದೂತಿಯ ವರ್ಣನೆ ಎಷ್ಟು ಚೆನ್ನಾಗಿದ್ದರೂ ಅದನ್ನು ಬಿಟ್ಟೆ. ಕತ್ತಿ ತಡೆದದ್ದನ್ನು ಬಿಡಲಾಗದು. ಕಣ್ಣೆದುರಿನ ಜೀವಗಳನ್ನು ಕೊಲ್ಲದೆ ಉಳಿದವನೇ ಮುಂದೆ ಹಿಟ್ಟಿನ ಜೀವವನ್ನು ಕಡಿಯುತ್ತಾನೆಂಬುದೇ ಕಾವ್ಯದ ವಿಪರ್ಯಾಸ. ಅನಂತರ ಮೂರು ಕಂದ: ತಾಯಿ ಚಂದ್ರಮತಿಗೆ ಕನಸಿನ ನೆವ ಹೇಳುವುದು, ಪ್ರಾಣಿಬಲಿಯ ಬದಲು ಹಿಟ್ಟಿನ ಕೋಳಿಗೆ ಒಪ್ಪುವುದು, ಕಡಿದಾಗ ಅದು ಕೂಗುವುದು. ವಿಷದ ಸಂಗತಿಯನ್ನು ಒಂದು ಗದ್ಯವಾಕ್ಯಕ್ಕೆ ಇಳಿಸಿದೆ.

ಉಳಿದ ನಾಲ್ಕರಲ್ಲಿ ಎರಡು ಭವಾವಳಿಗೆ. ಭವಾವಳಿಯ ಅರ್ಥವಿರುವುದೇ ಮರಳಿ ಮರಳಿ ಸಾಯುವುದರಲ್ಲಿ. ಆದ್ದರಿಂದ ಒಂದೇ ಜನ್ಮ ಸಾಲದು, ಎಲ್ಲಕ್ಕೂ ಎಡೆಯಿಲ್ಲ. ಮೊದಲನೆಯದನ್ನೂ ಕೊನೆಯದನ್ನೂ ಇಟ್ಟುಕೊಂಡೆ. ಮೊದಲ ಜನ್ಮದಲ್ಲಿ ಮಗ ನವಿಲು, ತಾಯಿ ನಾಯಿ. ಆ ನಾಯಿಯೇ ನವಿಲನ್ನು ಕೊಲ್ಲುತ್ತದೆ. ಕೊನೆಯ ತಿರ್ಯಗ್ಜನ್ಮದಲ್ಲಿ ಇಬ್ಬರೂ ಕೋಳಿಗಳಾಗಿ, ಯಶೋಧರನ ಮಗ ಯಶೋಮತಿಯ ಬಾಣಕ್ಕೆ ಬಲಿಯಾಗುತ್ತಾರೆ. ಬಳಿಕ ಅವನ ಮಕ್ಕಳಾಗಿಯೇ ಹುಟ್ಟುತ್ತಾರೆ. ಕಡಿದ ಕೋಳಿ ತಮ್ಮ ಮೈಯಾಗಿಯೇ ಹಿಂದಿರುಗಿತೆಂಬುದು ಆಗ ವಿವರಣೆಯಿಲ್ಲದೆ ಕಾಣುತ್ತದೆ. ನಡುವಿನ ಜನ್ಮಗಳನ್ನು ಒಂದು ವಾಕ್ಯದ ಸೇತುವೆ ದಾಟಿಸುತ್ತದೆ. ಕೊನೆಯ ಎರಡು ಕಂದಗಳು ಮಾರಿದತ್ತನ ಮನಃಪರಿವರ್ತನೆಗೆ. ಮೊದಲಿನಂತೆಯೇ ಒಟ್ಟು ಹನ್ನೆರಡು. ಆದರೆ ಈ ಸಲ ಆ ವಿದ್ಯಾರ್ಥಿಯ ಪ್ರಶ್ನೆ ಏಳುವುದಿಲ್ಲ.

ಛಂದಸ್ಸಿನ ಕಡೆಯಿಂದಲೂ ಒಂದು ಎಚ್ಚರ ಬೇಕು. ಕಂದದ ಸಾಲುಗಳು 12, 20, 12, 20 ಮಾತ್ರೆಗಳವು; ಎರಡನೆಯ ಅಕ್ಷರದ ಪ್ರಾಸ ನಾಲ್ಕೂ ಸಾಲುಗಳನ್ನು ಕಟ್ಟಿಹಾಕುತ್ತದೆ. ಅರ್ಧ ಕಂದವನ್ನು ಉಲ್ಲೇಖಿಸಿದರೆ ಕಿವಿ ಕಾಯುವ ಪ್ರಾಸ ಬಾರದೆ ಹೋಗುತ್ತದೆ. ಆದುದರಿಂದ ಕತ್ತರಿ ಬೀಳಬೇಕಾದದ್ದು ಕಂದಗಳ ನಡುವೆಯೇ ಹೊರತು ಕಂದದ ಒಳಗಲ್ಲ. ಆದರೆ ಕಂದ ಮುಗಿದಲ್ಲಿ ವಾಕ್ಯ ಮುಗಿಯಲೇಬೇಕೆಂದಿಲ್ಲ. ಕ್ರಿಯಾಪದ ಮುಂದಿನ ಪದ್ಯದಲ್ಲಿದ್ದರೆ ಎರಡನ್ನೂ ಇಡಬೇಕು, ಇಲ್ಲವೆ ಎರಡನ್ನೂ ಬಿಡಬೇಕು. ಕರ್ತೃಪದ ಹಿಂದಿನ ಪದ್ಯದಲ್ಲಿ ಉಳಿದಿದ್ದರೆ, ಮಾತು ಯಾರದೆಂದು ಗದ್ಯದಲ್ಲಿ ಮೊದಲೇ ಹೇಳಬೇಕು. ಆ ಗದ್ಯ ಇಂದಿನ ಕನ್ನಡದಲ್ಲಿಯೇ ಇರಲಿ, ಬೇರೆ ಅಕ್ಷರಶೈಲಿಯಲ್ಲಿರಲಿ. ಸಂಧಿಸ್ಥಾನವನ್ನು ಮುಚ್ಚಲು ಹಳಗನ್ನಡದಂತೆ ತೋರುವ ಸಾಲುಗಳನ್ನು ತಾವೇ ಹೊಸೆದು ಸೇರಿಸಿದವರನ್ನು ಕಂಡಿದ್ದೇನೆ. ಅದು ಸಂಗ್ರಹವಲ್ಲ, ಪ್ರಕ್ಷೇಪ. ಒಂದೆರಡು ವರ್ಷಗಳಲ್ಲಿ ಅದು ಜನ್ನನ ಹೆಸರಿನಲ್ಲಿಯೇ ಮತ್ತೊಬ್ಬರ ಲೇಖನದೊಳಗೆ ಉಲ್ಲೇಖಗೊಂಡರೆ ಅಚ್ಚರಿಯಿಲ್ಲ. ಪ್ರತಿ ಕಂದದ ಕೆಳಗೆ ಅವತಾರ ಮತ್ತು ಪದ್ಯದ ಸಂಖ್ಯೆ ಹಾಕಿದರೆ ಎಷ್ಟು ಬಿಟ್ಟಿದ್ದೇವೆಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ.

ಇಷ್ಟಾದರೂ ನಷ್ಟವಿದ್ದೇ ಇದೆ. ಜನ್ನನ ಹಾಸ್ಯ ಬಹುಪಾಲು ಹೋಗುತ್ತದೆ. ತಾಯಿ-ಮಗನ ವಾದದ ಸೂಕ್ಷ್ಮಗಳು ಹೋಗುತ್ತವೆ. ಯಾರಾದರೂ ಒಂದೇ ಪದ್ಯವನ್ನು ಅದರ ಚೆಲುವಿಗಾಗಿ ಹಂಚಿಕೊಂಡರೆ ನನ್ನ ಆಕ್ಷೇಪವಿಲ್ಲ. ಅದು ಬಿಡಿಪದ್ಯವಾಗಿಯೇ ಕಾಣಿಸಿಕೊಳ್ಳುತ್ತದೆ. ಆಕ್ಷೇಪವಿರುವುದು ಆರೆಂಟು ಪದ್ಯ ಜೋಡಿಸಿ ‘ಯಶೋಧರ ಚರಿತೆಯ ಸಾರ’ವೆಂದು ಹೆಸರಿಡುವುದಕ್ಕೆ. ಆ ಹೆಸರಿಡುವ ಮೊದಲು ಕೊನೆಯ ಫಲಕದಿಂದ ಹಿಂದಕ್ಕೆ ಓದಿ ನೋಡಬೇಕು: ಮಾರಿದತ್ತ ಕತ್ತಿ ಕೆಳಗಿಡಲು ಬೇಕಾದ ಕಾರಣಗಳೆಲ್ಲ ಅಲ್ಲಿವೆಯೆ? ಒಂದು ಕಾರಣ ತಪ್ಪಿದ್ದರೂ ಅಮೃತಮತಿಯ ಪಾಲಿನಿಂದ ಒಂದು ಕಂದವನ್ನು ತೆಗೆದು, ಆ ಸ್ಥಳವನ್ನು ಅದಕ್ಕೆ ಕೊಡತಕ್ಕದ್ದು.