ಬೈಗುಳಕ್ಕೆ ನಿಘಂಟು ತೆಗೀಬೇಡಿ ಸ್ವಾಮಿ!

ಬೈಗುಳ ಕಂಡ ಕೂಡಲೇ ನಿಘಂಟು ತೆಗೆಯೋ ಅನುವಾದಕರನ್ನ ನೋಡಿದ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ. ನಿಘಂಟು ಪದದ ಅರ್ಥ ಹೇಳುತ್ತೆ ನಿಜ, ಆದ್ರೆ ಅದರ ಪೆಟ್ಟು ಎಷ್ಟು ಅಂತ ಹೇಳಲ್ಲ. ಬೈಗುಳದಲ್ಲಿ ಮುಖ್ಯವಾದದ್ದು ಪೆಟ್ಟೇ ಅಲ್ವಾ?

ನಮ್ಮ 'ಮುಂಡೆ'ಯನ್ನೇ ತಗೊಳ್ಳಿ. ಅರ್ಥ: ತಲೆ ಬೋಳಿಸಿಕೊಂಡ ವಿಧವೆ. ಹಳೇ ಮೈಸೂರು ಕಡೆ ಅಜ್ಜಿ ಮೊಮ್ಮಗನಿಗೆ "ಅಯ್ಯೋ ಮುಂಡೇದೇ, ಉಣ್ದೇ ಹೊರಟ್ಯಲ್ಲೋ" ಅಂತಾಳೆ. ಇದನ್ನ ಇಂಗ್ಲಿಷಿಗೆ 'ವಿಡೋ' ಅಂತ ತಂದ್ರೆ ಓದೋನಿಗೆ ತಲೆಬುಡ ತಿಳಿಯಲ್ಲ. 'ಬಾಸ್ಟರ್ಡ್' ಅಂದ್ರಂತೂ ಅಜ್ಜಿ ರಾಕ್ಷಸಿ ಆಗ್ತಾಳೆ! ಅಲ್ಲಿಗೆ 'ಯೂ ಸಿಲ್ಲಿ ಬಾಯ್' ಸಾಕು.

ಹಾಗಂತ 'ಮುಂಡೆ' ಮೆತ್ತನೆ ಪದ ಅಂತ ಬರ್ಕೊಂಡ್ರೆ ಕೆಟ್ರಿ. '-ದು' ಸೇರಿ ನಪುಂಸಕಲಿಂಗ ಆದಾಗ, ಮಗುವನ್ನ 'ಅದು' ಅಂದಂತೆ, ಸಲಿಗೆ ಬರುತ್ತೆ. ಆ '-ದು' ತೆಗೆದು ಬೀದಿಜಗಳದಲ್ಲಿ ಹೆಂಗಸಿಗೆ "ಏ ಮುಂಡೆ" ಅನ್ನಿ, ಜಡೆ ಕೈಗೆ ಬರುತ್ತೆ. ಆಕೆ ನಿಜವಾಗಲೂ ಗಂಡನನ್ನ ಕಳಕೊಂಡವಳಾಗಿದ್ರೆ ಅದು ಬೈಗುಳ ಅಲ್ಲ, ಗಾಯಕ್ಕೆ ಉಪ್ಪು. ಇನ್ನು 'ಮುಂಡೇಮಗನೇ' ಗೆಳೆಯರ ನಡುವೆ ನಗು, ಅಪರಿಚಿತನಿಗೆ ಅಂದ್ರೆ ಹೊಡೆದಾಟ. ಬೇರು ಒಂದೇ, ಪೆಟ್ಟು ಬೇರೆ ಬೇರೆ!

ಹಾಗಾದ್ರೆ ತೂಗೋದು ಹೇಗೆ? ಮೂರು ಪ್ರಶ್ನೆ ಕೇಳ್ಕೊಳ್ಳಿ. ಒಂದು, ಬೈಸಿಕೊಂಡವನು ಅದೇ ಮಾತನ್ನ ವಾಪಸ್ ಅನ್ನಬಹುದಾ? ಮೊಮ್ಮಗ ಅಜ್ಜಿಗೆ "ಮುಂಡೇದೇ" ಅನ್ನೋ ಹಾಗಿಲ್ಲ. ಅಂದ್ರೆ ಆ ಮೆತ್ತಗಿರೋ ಗುಣ ಪದದ್ದಲ್ಲ, ಸಂಬಂಧದ್ದು. ಎರಡು, ಬೈದ ಮೇಲೆ ಏನಾಯ್ತು? ಮುಂದಿನ ಸಾಲಲ್ಲಿ ಕೇಳಿದವನು ನಕ್ಕನಾ, ಸುಮ್ಮನಾದನಾ, ಕೈ ಎತ್ತಿದನಾ ನೋಡಿ. ತಕ್ಕಡಿ ಅಲ್ಲೇ ಇರುತ್ತೆ. ಮೂರು, ಆ ಪದದ ಅರ್ಥ ಎದುರಿಗಿರೋರ ಬದುಕಿಗೆ ತಾಗುತ್ತಾ?

ಇಷ್ಟಾದ ಮೇಲೆ ಆ ಕಡೆ ಭಾಷೆಯ ಪದವನ್ನೂ ತೂಗಬೇಕು. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2016ರಲ್ಲಿ ಜನರನ್ನೇ ಕೇಳಿ ಬೈಗುಳಗಳ ಮಟ್ಟ ಗುರುತಿಸ್ತು. 'ಬ್ಲಡಿ' ಸೌಮ್ಯ, 'ಸನ್ ಆಫ್ ಎ ಬಿಚ್' ಮಧ್ಯಮ, 'ಬಾಸ್ಟರ್ಡ್' ತೀವ್ರ. ಅರ್ಥ ನೋಡಿದ್ರೆ ತಾಯಿಯನ್ನೇ ಎಳೆತರೋ 'ಸನ್ ಆಫ್ ಎ ಬಿಚ್' ಹೆಚ್ಚು ಘೋರ ಅನ್ಸಲ್ವಾ? ಕೇಳೋ ಜನಕ್ಕೆ ಹಾಗಿಲ್ಲ. ಅದನ್ನ ಕನ್ನಡದಲ್ಲಿ ಕಣ್ಮುಚ್ಚಿ 'ಸೂಳೆಮಗನೇ' ಅಂತ ಬರೆಯೋರು ಸಣ್ಣ ಗೊಣಗಾಟವನ್ನೂ ಕೊಲೆ ಜಗಳ ಮಾಡ್ತಾರೆ.

ಆ ಪಟ್ಟಿಯೂ ಬ್ರಿಟನ್ನಿನ ಟೀವಿ, ರೇಡಿಯೋ ಕೇಳೋರ ಕಿವಿಯದ್ದು ಮಾತ್ರ, ಅಮೆರಿಕದ ಕಾದಂಬರಿಗೆ ಅಳತೆಗೋಲಲ್ಲ. ಹಾಗೇ ಹಳೇ ಮೈಸೂರಿನ 'ಮುಂಡೇದೇ' ಲೆಕ್ಕ ಧಾರವಾಡಕ್ಕೋ ಮಂಗಳೂರಿಗೋ ಹೊಂದುತ್ತೆ ಅನ್ಕೋಬೇಡಿ. ಆ ಊರಿನೋರನ್ನೇ ಕೇಳಿ. ಕೇಳುವಾಗಲೂ "ಇದರ ಅರ್ಥ ಏನು?" ಅನ್ಬೇಡಿ. "ಇದನ್ನ ನಿಮ್ಮ ಮಾವನ ಎದುರು ಅಂತೀರಾ?" ಅನ್ನಿ. ಉತ್ತರ ಅವರ ಮುಖದಲ್ಲೇ ಇರುತ್ತೆ.

ಏನಂತೀರಿ?