ಹಳೇಬೀಡಿಗೆ ಶಿಖರ ಬಂದದ್ದೆಲ್ಲಿಂದ?

ಚಿತ್ರ ಬರೆಯುವ ಎಐ ತಂತ್ರಾಂಶಕ್ಕೆ ‘ಸುಂದರವಾದ ಹೊಯ್ಸಳ ದೇವಾಲಯ’ ಎಂದಷ್ಟೇ ಹೇಳಿದರೆ ಎತ್ತರದ ಶಿಖರ, ಕೆಂಪು ಕಲ್ಲು, ಹೊಂಬಿಸಿಲು ಬಂದುಬಿಡುವುದು ಹೆಚ್ಚು. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಇವತ್ತು ಶಿಖರವೇ ಇಲ್ಲ, ಬೇಲೂರಿನ ಚೆನ್ನಕೇಶವನ ಗರ್ಭಗುಡಿಯ ಮೇಲೂ ಇಲ್ಲ. ಹಾಗಾದರೆ ಅದು ಬಂದದ್ದೆಲ್ಲಿಂದ? ಕೋಟ್ಯಂತರ ಫೋಟೋಗಳಿಗೆ ಯಾರೋ ಬರೆದ ಒಕ್ಕಣೆಯಿಂದ ಕಲಿತ ತಂತ್ರಾಂಶಕ್ಕೆ ‘ಸುಂದರ’ ಎಂಬುದು ಗೋಡೆಯ ಎತ್ತರವನ್ನೂ ಹೇಳುವುದಿಲ್ಲ, ಕಲ್ಲಿನ ಬಣ್ಣವನ್ನೂ ಹೇಳುವುದಿಲ್ಲ. ನಾವು ಬಿಟ್ಟದ್ದನ್ನೆಲ್ಲ ಅದು ತಾನು ಹೆಚ್ಚು ಕಂಡ ಗುಡಿಗಳಿಂದ ತುಂಬುತ್ತದೆ.

ಆದ್ದರಿಂದ ಕಣ್ಣಿಗೆ ಕಾಣುವುದನ್ನೇ ಬರೆಯಬೇಕು. ‘ಎದೆಯೆತ್ತರದ ಜಗತಿ, ಅದರ ಮೇಲೆ ಅಗಲವಾಗಿ ಹರಡಿದ ತಗ್ಗು ಕಟ್ಟಡ, ಮೇಲಂಚು ಉದ್ದಕ್ಕೂ ಸಪಾಟು, ಹಸಿರು ಛಾಯೆಯ ಬೂದು ಬಳಪದ ಕಲ್ಲು, ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಅಡ್ಡಪಟ್ಟಿಗಳು, ಅತಿ ಕೆಳಗಿನದರಲ್ಲಿ ಸಾಲು ಆನೆ.’ ಇಲ್ಲಿ ‘ಶಿಖರ ಬೇಡ’ ಎಂದು ಬರೆಯದೆ ‘ಮೇಲಂಚು ಸಪಾಟು’ ಎಂದದ್ದನ್ನು ಗಮನಿಸಿ. ಬೇಡವೆಂದು ಹೆಸರಿಸಿದ ವಸ್ತುವೇ ಎಷ್ಟೋ ಸಲ ಚಿತ್ರದೊಳಗೆ ಬಂದು ಕೂರುತ್ತದೆ.

ಬೆಳಕನ್ನೂ ಗಂಟೆ ನೋಡಿ ಹೇಳಬೇಕು. ಹೊಯ್ಸಳೇಶ್ವರದ ಮುಖ ಪೂರ್ವಕ್ಕೆ. ಮೂರ್ತಿಗಳು ಕಿಕ್ಕಿರಿದಿರುವುದು ಹಿಂಬದಿಯ ಪಶ್ಚಿಮ ಗೋಡೆಯಲ್ಲಿ. ಸಂಜೆಯ ಬಿಸಿಲು ಆ ಗೋಡೆಗೆ ನೇರವಾಗಿ ಬಡಿದು ಕೆತ್ತನೆಯನ್ನು ಚಪ್ಪಟೆ ಮಾಡುತ್ತದೆ. ಮಧ್ಯಾಹ್ನ ಎರಡರ ಬಿಸಿಲು ಮೇಲಿನಿಂದ ಸವರಿಕೊಂಡು ಇಳಿಯುವುದರಿಂದ ಪ್ರತಿ ಉಬ್ಬಿನ ಕೆಳಗೂ ನೆರಳು ನಿಲ್ಲುತ್ತದೆ. ‘ಮೋಹಕ ಬೆಳಕು’ ಎಂಬ ಮಾತಿನಿಂದ ಈ ನೆರಳು ಹುಟ್ಟಲಾರದು.

ಕರಾರುವಾಕ್ಕಾದ ಮಾತಿಗೂ ಮಿತಿಯುಂಟು. ಅರಸೀಕೆರೆಯ ಈಶ್ವರ ದೇವಾಲಯದ ಮುಂದೆ ನಕ್ಷತ್ರಾಕಾರದ ತೆರೆದ ಮಂಟಪವಿದೆ. ‘16 ಮೂಲೆಯ ನಕ್ಷತ್ರ’ ಎಂದು ಬರೆದರೆ ತಂತ್ರಾಂಶ ಎಷ್ಟೋ ಸಲ ಎಣಿಕೆ ತಪ್ಪುತ್ತದೆ. ತಳವಿನ್ಯಾಸದ ಲೆಕ್ಕ ಅದಕ್ಕೆ ಸುಲಭವಾಗಿ ದಕ್ಕುವುದಿಲ್ಲ. ನೆಲದಲ್ಲಿ ನಿಂತವನಿಗೆ ಕಾಣುವಂತೆ ‘ಅಂಚು ಒಳಹೊರಗೆ ಮಡಿಚಿಕೊಂಡು ಹೋಗುತ್ತದೆ, ಒಂದು ಮೈ ಬಿಸಿಲಿಗೆ, ಪಕ್ಕದ್ದು ನೆರಳಿಗೆ’ ಎಂದರೆ ಹೆಚ್ಚು ಹತ್ತಿರ ಬರುತ್ತದೆ. ಮೂಲೆಗಳ ಸಂಖ್ಯೆ ಸರಿಯಾಗಿಯೇ ಬೇಕಿದ್ದರೆ ಮಾತು ಸಾಲದು, ರೇಖಾಚಿತ್ರವನ್ನೇ ಜೊತೆಗೆ ಕೊಡಬೇಕು.

ಮನೆ ಕಟ್ಟಿಸುವವರು ‘ಮಾಡರ್ನ್ ಮನೆ’ ಎಂದಾಗಲೂ ಇದೇ ಕಥೆ: ಬಿಳಿ ಡಬ್ಬ, ಗಾಜಿನ ಗೋಡೆ, ಈಜುಕೊಳ. ಅರಸೀಕೆರೆಯ ತೆಂಗಿನ ತೋಟಕ್ಕೆ ಬೇಕಾದದ್ದನ್ನು ಹೀಗೆ ಹೇಳಬಹುದು: ‘ಒಂದೇ ಅಂತಸ್ತು, ಮಂಗಳೂರು ಹೆಂಚಿನ ಇಳಿಜಾರು ಮಾಡು, ಮೂರಡಿ ಮುಂಚಾಚು, ಪಶ್ಚಿಮಕ್ಕೆ ಸಣ್ಣ ಕಿಟಕಿ, ಮುಂದೆ ಗ್ರಾನೈಟ್ ಚಪ್ಪಡಿಯ ಜಗಲಿ, ಕ್ಯಾಮೆರಾ ಐದಡಿ ಎತ್ತರದಲ್ಲಿ.’ ಚಿತ್ರ ಬಂದ ಮೇಲೆ ಮೊದಲು ನೆರಳು ನೋಡಿ. ಜಗಲಿಯ ಕಂಬದ ನೆರಳು ಒಂದು ಕಡೆಗೂ ತೆಂಗಿನ ನೆರಳು ಇನ್ನೊಂದು ಕಡೆಗೂ ಬಿದ್ದಿದ್ದರೆ, ಆ ಮಾಡಿನ ಚಾಚು ಗೋಡೆಯನ್ನು ಎಷ್ಟು ತಂಪಾಗಿಡುತ್ತದೆಂಬುದನ್ನು ಆ ಚಿತ್ರದಿಂದ ಅಳೆಯಲಾಗದು.